2038ರ ಜನವರಿ 19ರ ಬೆಳಗ್ಗೆ 8:44:07: ಈ ಲೆಕ್ಕ ಬರುವುದು ಹೀಗೆ

ಸಾಲದ ಕಂತುಗಳ ಪಟ್ಟಿ ಮಾಡುವ ಹಳೇ ಪ್ರೋಗ್ರಾಂ ಒಂದು ರಿಪೇರಿಗೆ ನನ್ನ ಹತ್ತಿರ ಬಂದಿತ್ತು. 2018ರ ಫೆಬ್ರವರಿ 1ಕ್ಕೆ ಶುರುವಾದ 20 ವರ್ಷದ ಸಾಲ. ಅದು ಮುಗಿಯುವ ದಿನ ಅಂತ ಪರದೆ ಮೇಲೆ ಬಂದದ್ದು 1901ರ ಡಿಸೆಂಬರ್ 26! ಆ ವರ್ಷ ನೋಡಿದ ಕೂಡಲೇ ಕಾಯಿಲೆ ಗೊತ್ತಾಯಿತು: 32 ಬಿಟ್‌ಗಳಲ್ಲಿ ಇಟ್ಟ ಯುನಿಕ್ಸ್ ಸಮಯ 2038ರಲ್ಲಿ ತುಂಬಿಹೋಗುತ್ತದೆ.

ಯುನಿಕ್ಸ್ ಸಮಯ ಅಂದರೆ 1970ರ ಜನವರಿ 1ರ 0 ಗಂಟೆಯಿಂದ, ಯುಟಿಸಿ ಪ್ರಕಾರ, ಎಣಿಸಿಕೊಂಡು ಬಂದ ಸೆಕೆಂಡುಗಳು. ಹಳೇ ಪ್ರೋಗ್ರಾಂಗಳು ಈ ಸಂಖ್ಯೆಯನ್ನು ಹೆಚ್ಚಾಗಿ 32 ಬಿಟ್‌ಗಳಲ್ಲಿ ಇಡುತ್ತವೆ. ಅದರಲ್ಲಿ ಒಂದು ಬಿಟ್ ಪ್ಲಸ್ಸೋ ಮೈನಸ್ಸೋ ಎಂದು ತಿಳಿಸಲು ಹೋಗುತ್ತದೆ. ಉಳಿದ 31ರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 2147483647. ದಿನಕ್ಕೆ 86400 ಸೆಕೆಂಡಿನಂತೆ ಭಾಗಿಸೋಣ.

```
2147483647 = 24855 × 86400 + 11647
11647 = 3 × 3600 + 14 × 60 + 7
```

ಅಂದರೆ 24855 ಪೂರ್ತಿ ದಿನ, ಮೇಲೆ 3 ಗಂಟೆ 14 ನಿಮಿಷ 7 ಸೆಕೆಂಡು. ಜಾಸ್ತಿ ಜನ ಎಡವುವುದು ಇಲ್ಲಿಂದ ಮುಂದೆ. ಸುಮ್ನೆ 365ರಿಂದ ಭಾಗಿಸಿದರೆ 68 ವರ್ಷ 35 ದಿನ ಬಂದು, ಉತ್ತರ ಫೆಬ್ರವರಿ 5ಕ್ಕೆ ಹೋಗಿಬಿಡುತ್ತದೆ. 1972ರಿಂದ 2036ರವರೆಗೆ 17 ಅಧಿಕ ವರ್ಷಗಳಿವೆ. 2000 ಕೂಡ ಅಧಿಕ ವರ್ಷವೇ, ಏಕೆಂದರೆ ಅದು 400ರಿಂದ ಭಾಗವಾಗುತ್ತದೆ. ಹಾಗಾಗಿ 2038ರ ಜನವರಿ 1ರವರೆಗೆ 68 × 365 + 17, ಅಂದರೆ 24837 ದಿನ. ಇನ್ನು 18 ದಿನ ಉಳಿಯಿತು. ಜನವರಿ 1ಕ್ಕೆ 18 ಕೂಡಿದರೆ 19.

ವಾರವನ್ನೂ ತಾಳೆ ನೋಡಬಹುದು. 1970ರ ಜನವರಿ 1 ಗುರುವಾರ. 24855ನ್ನು 7ರಿಂದ ಭಾಗಿಸಿದರೆ 5 ಉಳಿಯುತ್ತದೆ. ಗುರುವಾರದಿಂದ ಐದು ದಿನ ಮುಂದೆ ಹೋದರೆ ಮಂಗಳವಾರ. ಯುಟಿಸಿಯಲ್ಲಿ 03:14:07, ನಮ್ಮ ಗಡಿಯಾರದಲ್ಲಿ ಐದೂವರೆ ಗಂಟೆ ಸೇರಿಸಿ ಬೆಳಗ್ಗೆ 8:44:07.

ನಡುವೆ ಸೇರಿಸಿದ ಲೀಪ್ ಸೆಕೆಂಡುಗಳನ್ನೂ ಲೆಕ್ಕ ಹಿಡಿಯಬೇಕಲ್ವಾ ಎಂದು ಕೇಳುವವರಿದ್ದಾರೆ. ಬೇಡ. ಯುನಿಕ್ಸ್ ಸಮಯಕ್ಕೆ ಪ್ರತಿ ದಿನವೂ 86400 ಸೆಕೆಂಡೇ.

8:44:07 ಕೂಡ ಸರಿಯಾಗಿಯೇ ತೋರಿಸುತ್ತದೆ. ಕೆಡುವುದು ಮುಂದಿನ ಸೆಕೆಂಡಿಗೆ. ಆಗ ಸಾಮಾನ್ಯವಾಗಿ ಸಂಖ್ಯೆ ಮೈನಸ್ 2147483648ಕ್ಕೆ ತಿರುಗುತ್ತದೆ. ಅದು ಯುಟಿಸಿ ಪ್ರಕಾರ 1901ರ ಡಿಸೆಂಬರ್ 13ರ 20:45:52. ಆ ಸಾಲದ ಕೊನೇ ದಿನ 2038ರ ಜನವರಿ 19ರಿಂದ ಸುಮಾರು 13 ದಿನ ಆಚೆಗಿತ್ತು. ಆದ್ದರಿಂದಲೇ ಅದು ಡಿಸೆಂಬರ್ 26ಕ್ಕೆ ಹೋಗಿ ಕೂತಿತು. 1901 ಬದಲು 1970ರ ಜನವರಿ 1 ಕಂಡರೆ ಮಾತ್ರ ಬೇರೆ ಕಡೆ ಹುಡುಕಿ. ಅಲ್ಲಿ ಹೆಚ್ಚಾಗಿ ತಾರೀಖಿನ ಜಾಗದಲ್ಲಿ ಸೊನ್ನೆ ಕೂತಿರುತ್ತದೆ.

ಲಿನಕ್ಸ್‌ನಲ್ಲಿ ಲೆಕ್ಕ ಪರೀಕ್ಷಿಸಲು ಹೀಗೆ ಬರೆಯಿರಿ:

```
date -u -d @2147483647
date -u -d @2147483648
```

64 ಬಿಟ್ ಯಂತ್ರದಲ್ಲಿ ಎರಡನೆಯದೂ ಸರಿಯಾಗಿ 03:14:08 ಎಂದೇ ಬರುತ್ತದೆ. ಅಷ್ಟಕ್ಕೇ ನಿಶ್ಚಿಂತರಾಗಬೇಡಿ. ನನ್ನ ಪ್ರೋಗ್ರಾಂ ಓಡುತ್ತಿದ್ದುದೂ 64 ಬಿಟ್ ಯಂತ್ರದಲ್ಲೇ. ತಾರೀಖನ್ನು ಉಳಿಸುತ್ತಿದ್ದ ಫೈಲಿನಲ್ಲಿ ಮಾತ್ರ ಅದಕ್ಕೆ ನಾಲ್ಕೇ ಬೈಟ್ ಜಾಗ ಬಿಟ್ಟಿದ್ದರು.