ಹಿಂದೆ ನೋಡುವ ಅಳತೆ, ಮುಂದೆ ನೋಡುವ ಅಳತೆ: ಕರೆನ್ಸಿ ಏರಿಳಿತದ ಎರಡು ಲೆಕ್ಕಗಳು

2015ರ ಜನವರಿ 14ರಂದು ಯೂರೋ ಮತ್ತು ಸ್ವಿಸ್ ಫ್ರಾಂಕ್ ನಡುವಿನ ದರದ ಏರಿಳಿತವನ್ನು ಹಿಂದಿನ ಒಂದು ತಿಂಗಳ ಅಂಕಿಗಳಿಂದ ಅಳೆದಿದ್ದರೆ, ಇಷ್ಟು ಶಾಂತವಾದ ಜೋಡಿ ಇನ್ನೊಂದಿಲ್ಲ ಅನ್ನಿಸುತ್ತಿತ್ತು. ಮರುದಿನ ಬೆಳಿಗ್ಗೆ ಸ್ವಿಸ್ ನ್ಯಾಷನಲ್ ಬ್ಯಾಂಕ್ ಒಂದು ಯೂರೋಗೆ 1.20 ಫ್ರಾಂಕ್ ಎಂದು ತಾನೇ ಕಾಯುತ್ತಿದ್ದ ಕನಿಷ್ಠ ದರವನ್ನು ಕೈಬಿಟ್ಟಿತು. ಕೆಲವೇ ನಿಮಿಷಗಳಲ್ಲಿ ಯೂರೋ ಒಂದು ಫ್ರಾಂಕಿಗಿಂತ ಕೆಳಗೆ ಬಿತ್ತು.

ಈ ಅಳತೆಯ ಅಗತ್ಯ ಬಂದದ್ದೇ 1973ರ ನಂತರ. ಅದಕ್ಕೂ ಮೊದಲು, ಬ್ರೆಟನ್ ವುಡ್ಸ್ ವ್ಯವಸ್ಥೆಯಲ್ಲಿ, ದೊಡ್ಡ ಕರೆನ್ಸಿಗಳು ಡಾಲರ್ ಎದುರು ನಿಗದಿತ ದರದಿಂದ ಶೇ 1ರಷ್ಟು ಮಾತ್ರ ಆಚೀಚೆ ಹೋಗಬಹುದಿತ್ತು. ದರಗಳು ತೇಲಲು ಶುರುವಾದ ಮೇಲೆ, ಎಷ್ಟು ಅಲುಗಾಡುತ್ತಿವೆ ಎಂದು ಹೇಳಲು ಒಂದು ಸಂಖ್ಯೆ ಬೇಕಾಯಿತು. ಸುಲಭದ ದಾರಿ ಹಳೆಯ ದರಗಳನ್ನು ತೆಗೆದುಕೊಳ್ಳುವುದು. ಇಂದಿನ ದರವನ್ನು ನಿನ್ನೆಯದರಿಂದ ಭಾಗಿಸಿ ಲಾಗರಿದಮ್ ತೆಗೆದರೆ ಆ ದಿನದ ಬದಲಾವಣೆ ಸಿಗುತ್ತದೆ. ಅಂಥ 21 ವಹಿವಾಟು ದಿನಗಳ ಬದಲಾವಣೆ ಸರಾಸರಿಯಿಂದ ಎಷ್ಟು ಚದುರಿದೆ ಎನ್ನುವ ಸ್ಟ್ಯಾಂಡರ್ಡ್ ಡೀವಿಯೇಷನ್ ಕಂಡುಹಿಡಿದು, ವರ್ಷದಲ್ಲಿ ಸುಮಾರು 252 ವಹಿವಾಟು ದಿನ ಇರುವುದರಿಂದ ಅದರ ವರ್ಗಮೂಲ 15.87ರಿಂದ ಗುಣಿಸಿದರೆ ವಾರ್ಷಿಕ ಅಂಕಿ ಬರುತ್ತದೆ. ಅದೇ ಹಿಸ್ಟಾರಿಕಲ್ ವೊಲಟಿಲಿಟಿ. ಯಾರು ಮಾಡಿದರೂ ಅದೇ ಉತ್ತರ, ಅದೇ ಇದರ ದೊಡ್ಡ ಗುಣ.

ತೊಂದರೆ ಎಲ್ಲಿ ಅಂದರೆ, ಈ ಲೆಕ್ಕಕ್ಕೆ ಗೊತ್ತಿರುವುದು ಆ 21 ದಿನ ಮಾತ್ರ. ಫ್ರಾಂಕ್ ಪ್ರಕರಣವನ್ನೇ ಸರಳ ಮಾಡಿ ನೋಡೋಣ. 20 ದಿನ ದರ ಕದಲಲೇ ಇಲ್ಲ, ಒಂದು ದಿನ ಲಾಗರಿದಮ್ ಲೆಕ್ಕದಲ್ಲಿ ಶೇ 18 ಬಿತ್ತು ಅಂತ ಇಟ್ಟುಕೊಳ್ಳಿ. ದಿನದ ಡೀವಿಯೇಷನ್ ಸುಮಾರು ಶೇ 3.9, ವಾರ್ಷಿಕ ಅಂಕಿ ಸುಮಾರು ಶೇ 62. ಅಂದರೆ ಹಿಂದಿನ ದಿನ ಸೊನ್ನೆ, ಇಂದು 62. ಮಾರುಕಟ್ಟೆ ಮರುದಿನವೇ ತಣ್ಣಗಾಯಿತು ಅಂದುಕೊಂಡರೂ ಅಂಕಿ 62ರಲ್ಲೇ ಕೂತಿರುತ್ತದೆ. ಆ ಒಂದು ದಿನ 21 ದಿನಗಳ ಕಿಟಕಿಯಿಂದ ಹೊರಬಿದ್ದ ತಕ್ಷಣ, ಹೊರಗೆ ಏನೂ ನಡೆಯದಿದ್ದರೂ, ಧಡಕ್ಕನೆ ಸೊನ್ನೆಗೆ ಬೀಳುತ್ತದೆ. ಗ್ರಾಫಿನಲ್ಲಿ ನೆತ್ತಿ ಸಪಾಟಾದ ದಿಬ್ಬ ಕಂಡರೆ ಇದೇ ಕಾರಣ ಅಂತ ಅನುಮಾನಪಡಬಹುದು. ಇದನ್ನು ತಗ್ಗಿಸಲೆಂದೇ ಜೆ.ಪಿ. ಮೋರ್ಗನ್ 1994ರಲ್ಲಿ ಹೊರತಂದ ರಿಸ್ಕ್‌ಮೆಟ್ರಿಕ್ಸ್ ವಿಧಾನದಲ್ಲಿ ಒಂದೊಂದು ದಿನ ಹಿಂದೆ ಹೋದಂತೆ ತೂಕವನ್ನು 0.94ರಿಂದ ಗುಣಿಸಿ ಕಡಿಮೆ ಮಾಡಿದರು. ಆಗ ಅಂಕಿ ಮೆಲ್ಲಗೆ ಇಳಿಯುತ್ತದೆ. ಆದರೆ ಜನವರಿ 14ರಂದು ಅದೂ ಕುರುಡೇ.

ಇನ್ನೊಂದು ದಾರಿ ತೆರೆದದ್ದು 1982ರಲ್ಲಿ, ಫಿಲಡೆಲ್ಫಿಯಾ ಷೇರು ವಿನಿಮಯ ಕೇಂದ್ರದಲ್ಲಿ ಕರೆನ್ಸಿ ಆಪ್ಷನ್‌ಗಳ ವಹಿವಾಟು ಶುರುವಾದಾಗ. ಈಗಲೇ ಗೊತ್ತುಮಾಡಿದ ದರದಲ್ಲಿ ಮುಂದೆ ಕರೆನ್ಸಿ ಕೊಳ್ಳುವ ಅಥವಾ ಮಾರುವ ಹಕ್ಕೇ ಆಪ್ಷನ್, ಆ ಹಕ್ಕಿಗೆ ಕೊಡುವ ಬೆಲೆ ಪ್ರೀಮಿಯಂ. ಮರುವರ್ಷ ಗಾರ್ಮನ್ ಮತ್ತು ಕೋಲ್‌ಹ್ಯಾಗನ್, ಆಪ್ಷನ್‌ಗೆ ಬೆಲೆ ಕಟ್ಟುವ ಬ್ಲ್ಯಾಕ್-ಶೋಲ್ಸ್ ಸೂತ್ರವನ್ನು ಎರಡು ದೇಶಗಳ ಎರಡು ಬಡ್ಡಿದರಕ್ಕೆ ಹೊಂದಿಸಿದರು. ಆ ಸೂತ್ರಕ್ಕೆ ಹಾಕುವ ಅಂಕಿಗಳಲ್ಲಿ ಮುಂದಿನ ಏರಿಳಿತ ಒಂದು ಬಿಟ್ಟು ಉಳಿದದ್ದೆಲ್ಲ ಕಣ್ಣೆದುರಿಗೇ ಇರುತ್ತದೆ. ಹಾಗಾಗಿ ಮಾರುಕಟ್ಟೆಯ ಪ್ರೀಮಿಯಂ ಹಾಕಿ ಲೆಕ್ಕವನ್ನು ಹಿಂದುಮುಂದು ಮಾಡಿದರೆ, ಜನ ಎಷ್ಟು ಏರಿಳಿತಕ್ಕೆ ದುಡ್ಡು ಕೊಡುತ್ತಿದ್ದಾರೆ ಎಂದು ಗೊತ್ತಾಗುತ್ತದೆ. ಅದೇ ಇಂಪ್ಲೈಡ್ ವೊಲಟಿಲಿಟಿ. ಬ್ಯಾಂಕುಗಳ ನಡುವೆ ಈಗ ಆಪ್ಷನ್‌ಗೆ ಬೆಲೆ ಹೇಳುವುದೇ ಈ ಶೇಕಡಾದಲ್ಲಿ.

ಇದಕ್ಕೆ ಕ್ಯಾಲೆಂಡರ್ ಗೊತ್ತು. ಯುರೋಪಿಯನ್ ಒಕ್ಕೂಟದಲ್ಲಿ ಉಳಿಯಬೇಕೋ ಬೇಡವೋ ಎಂಬ ಬ್ರಿಟನ್ನಿನ ಜನಮತಗಣನೆ 2016ರ ಜೂನ್ 23ಕ್ಕೆ ನಿಗದಿಯಾಗಿತ್ತು. ಒಂದು ತಿಂಗಳ ಆಪ್ಷನ್‌ನ ಅವಧಿ ಆ ದಿನಾಂಕ ದಾಟಿದ್ದೇ ತಡ, ಪೌಂಡಿನ ಇಂಪ್ಲೈಡ್ ಜಿಗಿಯಿತು. ಲೆಕ್ಕ ಇಷ್ಟೇ: ಸಾಮಾನ್ಯ ದಿನ ಶೇ 0.6 ಅಲುಗಾಟ ಅಂದರೆ ವಾರ್ಷಿಕ ಸುಮಾರು 9.5. ಆ 21 ದಿನಗಳಲ್ಲಿ ಒಂದಕ್ಕೆ ಶೇ 6 ಅಂತ ಹಾಕಿ, ವರ್ಗಗಳನ್ನು ಕೂಡಿಸಿ ಸರಾಸರಿ ತೆಗೆಯಿರಿ, ವಾರ್ಷಿಕ ಅಂಕಿ ಸುಮಾರು 23ಕ್ಕೆ ಏರುತ್ತದೆ. ಇಂದು ಮಾರುಕಟ್ಟೆ ಮಲಗಿದ್ದರೂ ಅಷ್ಟೇ. ಗಮನಿಸಿ, ಫ್ರಾಂಕ್ ಲೆಕ್ಕದಲ್ಲಿ ದೊಡ್ಡ ದಿನ ಕಿಟಕಿಯಿಂದ ಹೊರಹೋದಾಗ ಅಂಕಿ ಬಿತ್ತು, ಇಲ್ಲಿ ಒಳಬಂದಾಗ ಎದ್ದಿತು. ಜೂನ್ 24ರಂದು ಪೌಂಡ್ ಡಾಲರ್ ಎದುರು ಸುಮಾರು ಶೇ 8 ಕಳೆದುಕೊಂಡಿತು.

ಹಾಗಂತ ಇಂಪ್ಲೈಡ್ ಭವಿಷ್ಯವಾಣಿ ಅಲ್ಲ. ಆಪ್ಷನ್ ಮಾರುವವರು ತಮ್ಮ ಅಪಾಯಕ್ಕೂ ಸೇರಿಸಿ ಬೆಲೆ ಹಾಕುತ್ತಾರೆ, ಅದಕ್ಕೇ ಅದು ಸಾಮಾನ್ಯವಾಗಿ ಆಮೇಲೆ ನಿಜವಾಗಿ ಕಾಣುವ ಏರಿಳಿತಕ್ಕಿಂತ ಸ್ವಲ್ಪ ಜಾಸ್ತಿಯೇ ಇರುತ್ತದೆ. ದಿನಾಂಕ ಗೊತ್ತಿಲ್ಲದ ಆಘಾತವನ್ನು ಅದೂ ಹಿಡಿಯುವುದಿಲ್ಲ. ಜನವರಿ 15ರ ಭೂಕಂಪ ಫ್ರಾಂಕ್ ಆಪ್ಷನ್‌ಗಳ ಬೆಲೆಯಲ್ಲೂ ಇರಲಿಲ್ಲ, ಯಾಕೆಂದರೆ ಮೂರು ದಿನ ಮೊದಲಷ್ಟೇ ಸ್ವಿಸ್ ನ್ಯಾಷನಲ್ ಬ್ಯಾಂಕಿನ ಉಪಾಧ್ಯಕ್ಷರು ಕನಿಷ್ಠ ದರ ಮುಂದುವರಿಯಲಿದೆ ಎಂದಿದ್ದರು, ಎಲ್ಲರೂ ನಂಬಿದ್ದರು.

ಇವೆರಡನ್ನು ಹೋಲಿಸುವಾಗ ಬಹಳ ಜನ ಇಂದಿನ ಇಂಪ್ಲೈಡ್ ಪಕ್ಕ ಇಂದಿನ ಹಿಸ್ಟಾರಿಕಲ್ ಇಟ್ಟು, ಆಪ್ಷನ್ ದುಬಾರಿ ಅಂತ ತೀರ್ಪು ಕೊಡುತ್ತಾರೆ. ಒಂದು ಕಳೆದ ತಿಂಗಳದ್ದು, ಇನ್ನೊಂದು ಬರುವ ತಿಂಗಳದ್ದು, ಹೇಗೆ ತಾಳೆಯಾಗಬೇಕು ಅಲ್ವಾ? ಇಂದಿನ ಇಂಪ್ಲೈಡ್ ಬರೆದಿಟ್ಟು, 21 ವಹಿವಾಟು ದಿನ ಕಳೆದ ಮೇಲೆ ಆ ಅವಧಿಯದ್ದೇ ಡೀವಿಯೇಷನ್ ತೆಗೆದು ಪಕ್ಕದಲ್ಲಿಡಬೇಕು.