ಭಾಷಣ ಈಗ ಎಲ್ಲಿಗೆ ಬಂತು?

2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3ರ ಲ್ಯಾಂಡರ್ ಇಳಿಯುವುದನ್ನು ಇಸ್ರೋದ ಯೂಟ್ಯೂಬ್ ಚಾನೆಲ್ಲಿನಲ್ಲಿ ಒಂದೇ ಹೊತ್ತಿಗೆ 80 ಲಕ್ಷ ಜನ ನೋಡುತ್ತಿದ್ದರು. ಅವರಲ್ಲಿ ಬಹುಪಾಲು ಜನರಿಗೆ ರಾಕೆಟ್ ವಿಜ್ಞಾನ ಗೊತ್ತಿರಲಿಲ್ಲ. ಬೆಂಗಳೂರಿನ ನಿಯಂತ್ರಣ ಕೊಠಡಿಯಿಂದ ಬರುತ್ತಿದ್ದ ಘೋಷಣೆಗಳು ಅರ್ಧಂಬರ್ಧ ಅರ್ಥವಾಗುತ್ತಿದ್ದವು, ಅಷ್ಟೇ. ಆದರೂ ಯಾರಿಗೂ ದಾರಿ ತಪ್ಪಲಿಲ್ಲ. ಯಾಕೆಂದರೆ ಪರದೆಯ ಮೇಲೆ ಒಂದು ಬಾಗಿದ ಗೆರೆ ಇತ್ತು. ಲ್ಯಾಂಡರ್ ಯಾವ ದಾರಿಯಲ್ಲಿ ಕೆಳಗೆ ಬರಬೇಕು ಅನ್ನುವುದನ್ನು ಅದು ತೋರಿಸುತ್ತಿತ್ತು. ಅದರ ಮೇಲೆ ಒಂದು ಗುರುತು ನಿಧಾನಕ್ಕೆ ಸರಿಯುತ್ತಿತ್ತು. ಎಷ್ಟು ದೂರ ಬಂದಾಯಿತು, ಇನ್ನೆಷ್ಟು ಉಳಿದಿದೆ, ಈಗಿನ ಹಂತ ಯಾವುದು ಎಂಬುದೆಲ್ಲ ಒಂದು ನೋಟಕ್ಕೆ ತಿಳಿಯುತ್ತಿತ್ತು.

ಅದಕ್ಕೂ ನಾಲ್ಕು ವರ್ಷ ಮೊದಲು, 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ, ಇಂಥದೇ ಗೆರೆ ಕೆಟ್ಟ ಸುದ್ದಿಯನ್ನೂ ಹೇಳಿತ್ತು. ಚಂದ್ರಯಾನ-2ರ ಗುರುತು ನಿಗದಿತ ಗೆರೆ ಬಿಟ್ಟು ಪಕ್ಕಕ್ಕೆ ಸರಿಯಿತು. ಸಂಪರ್ಕ ಕಡಿದಿದೆ ಎಂದು ಇಸ್ರೋ ಅಧ್ಯಕ್ಷರು ಹೇಳುವ ಮೊದಲೇ ಮನೆಯಲ್ಲಿ ಕೂತು ನೋಡುತ್ತಿದ್ದವರಿಗೆ ಏನೋ ಎಡವಟ್ಟಾಗಿದೆ ಅಂತ ಗೊತ್ತಾಗಿತ್ತು.

ಈಗ ಇದೇ ಇಳಿಯುವಿಕೆಯ ಬಗ್ಗೆ ಯಾರೋ ಒಬ್ಬರು ಕಾಲೇಜಿನ ಸಭಾಂಗಣದಲ್ಲಿ 50 ನಿಮಿಷ ಮಾತಾಡುತ್ತಾರೆ ಅಂದುಕೊಳ್ಳಿ. ಇಪ್ಪತ್ತನೇ ನಿಮಿಷಕ್ಕೆ ಹಿಂದಿನ ಸಾಲಿನವರ ಗಮನ ಒಮ್ಮೆ ಫೋನಿನ ಕಡೆ ಹೋಗಿ ಬರುತ್ತದೆ. ಬಂದು ನೋಡಿದರೆ ಪರದೆಯ ಮೇಲೆ ಎಂಜಿನ್ನಿನ ಚಿತ್ರ. ಇದು ಯಾವ ಹಂತದ ಎಂಜಿನ್ನು? ಇದನ್ನು ಯಾಕೆ ಹೇಳುತ್ತಿದ್ದಾರೆ? ಓದುವವರಿಗೆ ಈ ಕಷ್ಟವಿಲ್ಲ. ಎರಡು ಪುಟ ಹಿಂದೆ ತಿರುಗಿಸಬಹುದು, ತಲೆಬರಹ ನೋಡಬಹುದು, ಪುಸ್ತಕ ಎಷ್ಟು ದಪ್ಪ ಉಳಿದಿದೆ ಅಂತ ಬೆರಳಿಗೇ ಗೊತ್ತಾಗುತ್ತದೆ. ಕೇಳುವವರಿಗೆ ಇರುವುದು ಈ ಕ್ಷಣದ ಮಾತು ಮಾತ್ರ. ಉಳಿದದ್ದನ್ನೆಲ್ಲ ತಲೆಯಲ್ಲೇ ಹಿಡಿದುಕೊಳ್ಳಬೇಕು. ಆ ಹಿಡಿತವೋ ಚಿಕ್ಕದು. ಮನಶ್ಶಾಸ್ತ್ರಜ್ಞ ನೆಲ್ಸನ್ ಕೋವನ್ 2001ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿ, ನಾವು ಏಕಕಾಲಕ್ಕೆ ಮನಸ್ಸಿನಲ್ಲಿ ಇಟ್ಟುಕೊಳ್ಳಬಲ್ಲದ್ದು ಸುಮಾರು ನಾಲ್ಕು ಸಂಗತಿ ಎಂದರು. ಅದರಲ್ಲಿ ಒಂದನ್ನು 'ನಾವೀಗ ಎಲ್ಲಿದ್ದೇವೆ' ಎಂಬುದಕ್ಕೇ ಮೀಸಲಿಟ್ಟರೆ ವಿಷಯಕ್ಕೆ ಉಳಿಯುವುದು ಮೂರು. ಆ ಹೊರೆಯನ್ನು ತಲೆಯಿಂದ ಇಳಿಸಿ ಪರದೆಗೆ ದಾಟಿಸುವುದೇ ಇಲ್ಲಿನ ಉಪಾಯ.

ಇದಕ್ಕೆ ಸಾಮಾನ್ಯವಾಗಿ ಮಾಡುವುದು ಏನು? ಸ್ಲೈಡಿನ ಮೂಲೆಯಲ್ಲಿ '17/42' ಅಂತ ಹಾಕುವುದು. ಇಲ್ಲವೇ ಮೇಲಂಚಿನಲ್ಲಿ ಸಣ್ಣ ಸಣ್ಣ ಚುಕ್ಕಿಗಳ ಸಾಲು. ಗಣಿತ, ಕಂಪ್ಯೂಟರ್ ವಿಜ್ಞಾನದ ಸಮ್ಮೇಳನಗಳಲ್ಲಿ ಬೀಮರ್ ಎಂಬ ತಂತ್ರಾಂಶ ಬಳಸಿ ಮಾಡಿದ ಸ್ಲೈಡುಗಳಲ್ಲಿ ಈ ಚುಕ್ಕಿಗಳು ತುಂಬಾ ಕಾಣುತ್ತವೆ. ಇವು ಹೇಳುವುದು ಊಟಕ್ಕೆ ಇನ್ನೆಷ್ಟು ಹೊತ್ತು ಎಂಬುದನ್ನು. ಅದೂ ಬೇಕು, ಇಲ್ಲ ಅನ್ನುವುದಿಲ್ಲ. ಆದರೆ ಈ ಎಂಜಿನ್ನಿಗೂ ಹಿಂದೆ ಹೇಳಿದ ಎತ್ತರದ ಲೆಕ್ಕಕ್ಕೂ ಏನು ಸಂಬಂಧ ಎಂಬುದಕ್ಕೆ 17/42 ಉತ್ತರ ಕೊಡಲಾರದು. ಇಸ್ರೋದ ಗೆರೆ ಎರಡನ್ನೂ ಒಟ್ಟಿಗೆ ಹೇಳುತ್ತಿತ್ತು, ಯಾಕೆಂದರೆ ಅದು ವಿಷಯದಿಂದಲೇ ಹುಟ್ಟಿದ ಚಿತ್ರ.

ಹಾಗಾಗಿ ನಮ್ಮ 50 ನಿಮಿಷದ ಭಾಷಣಕ್ಕೂ ಅದೇ ಗೆರೆಯನ್ನು ತೆಗೆದುಕೊಳ್ಳೋಣ. ಅದರಲ್ಲಿ ನಾಲ್ಕು ತುಂಡುಗಳಿವೆ. ಸುಮಾರು 30 ಕಿಲೋಮೀಟರ್ ಎತ್ತರದಿಂದ 7.4 ಕಿಲೋಮೀಟರ್‌ವರೆಗೆ 'ರಫ್ ಬ್ರೇಕಿಂಗ್'. ಲ್ಯಾಂಡರ್ ಹೆಚ್ಚುಕಡಿಮೆ ಮಲಗಿದ ಭಂಗಿಯಲ್ಲೇ ಎಂಜಿನ್ ಉರಿಸಿ ತನ್ನ ಓಟವನ್ನು ತಗ್ಗಿಸುವ ಹಂತ ಇದು. ಆಮೇಲೆ ಸುಮಾರು 10 ಸೆಕೆಂಡಿನ 'ಆಟಿಟ್ಯೂಡ್ ಹೋಲ್ಡ್'. ಇಲ್ಲಿ ಭಂಗಿಯನ್ನು ಅಲುಗಾಡಿಸದೆ ಹಿಡಿದು, ಕೆಳಗಿನ ನೆಲ ನೋಡಿ ತಾನು ಎಲ್ಲಿದ್ದೇನೆಂದು ತಿಳಿದುಕೊಳ್ಳುತ್ತದೆ. ಮೂರನೆಯದು 'ಫೈನ್ ಬ್ರೇಕಿಂಗ್'. ಲ್ಯಾಂಡರ್ ನೆಟ್ಟಗಾಗುತ್ತಾ ಒಂದು ಕಿಲೋಮೀಟರಿನ ಆಸುಪಾಸಿಗೆ ಬರುತ್ತದೆ. ಕೊನೆಗೆ ನೇರವಾಗಿ ಕೆಳಕ್ಕೆ. ನಾಲ್ಕೇ ತುಂಡು. ಎಂಟೋ ಹತ್ತೋ ಇದ್ದಿದ್ದರೆ ಈ ಚಿತ್ರ ಕೆಲಸಕ್ಕೆ ಬರುತ್ತಿರಲಿಲ್ಲ.

ಮೊದಲ ಪ್ರಶ್ನೆ: ಗೆರೆಯನ್ನು ಯಾವಾಗ ತೋರಿಸಬೇಕು? ಶುರುವಿನಲ್ಲೇ. ಇದಕ್ಕೆ ಆಧಾರವಾಗಿ ಒಂದು ಹಳೆಯ, ಚೆಂದದ ಪ್ರಯೋಗವಿದೆ. 1972ರಲ್ಲಿ ಬ್ರಾನ್ಸ್‌ಫರ್ಡ್ ಮತ್ತು ಜಾನ್ಸನ್ ಎಂಬ ಸಂಶೋಧಕರು ಒಂದಷ್ಟು ಜನರಿಗೆ ಒಂದು ಚಿಕ್ಕ ಬರಹವನ್ನು ಕೇಳಿಸಿದರು. ಒಂದೊಂದು ವಾಕ್ಯವೂ ಸರಳ. ಆದರೆ ಒಟ್ಟಾರೆ ಏನು ಹೇಳುತ್ತಿದೆ ಅಂತ ತಲೆಬುಡ ಗೊತ್ತಾಗುತ್ತಿರಲಿಲ್ಲ. ನಿಜಕ್ಕೂ ಅದು ಬಟ್ಟೆ ಒಗೆಯುವುದರ ಬಗ್ಗೆ ಇತ್ತು. ಇದನ್ನು ಮೊದಲೇ ಹೇಳಿಸಿಕೊಂಡವರು ಬರಹದ 18 ಅಂಶಗಳಲ್ಲಿ ಸರಾಸರಿ ಆರರಷ್ಟನ್ನು ನೆನಪಿಟ್ಟುಕೊಂಡರು. ಏನೂ ಹೇಳಿಸಿಕೊಳ್ಳದವರು ಮೂರಕ್ಕಿಂತ ಕಡಿಮೆ. ಕೇಳಿ ಮುಗಿದ ಮೇಲೆ 'ಅದು ಬಟ್ಟೆ ಒಗೆಯುವ ವಿಷಯ' ಎಂದು ತಿಳಿದವರದ್ದೂ ಅದೇ ಕಥೆ, ಅವರಿಗೂ ಮೂರು ದಾಟಲಿಲ್ಲ. ಮಾತು ಬಂದು ಕೂರುವ ಹೊತ್ತಿಗೆ ತಲೆಯಲ್ಲಿ ಜಾಗ ಸಿದ್ಧವಾಗಿರಬೇಕು. ಕೊನೆಯಲ್ಲಿ 'ಈಗ ಒಟ್ಟು ಚಿತ್ರ ನೋಡೋಣ' ಎಂದು ಗೆರೆ ತೋರಿಸಿದರೆ ಆ ಬಸ್ಸು ಹೋಗಿಯಾಗಿದೆ.

ಹಾಗಂತ ಎರಡನೇ ಸ್ಲೈಡಿನಲ್ಲಿ 'ಇಂದಿನ ವಿಷಯಗಳು' ಅಂತ ಪಟ್ಟಿ ಹಾಕಿ ಓದಿಬಿಟ್ಟರೆ ಸಾಲದು. 'ಆಟಿಟ್ಯೂಡ್ ಹೋಲ್ಡ್' ಎಂಬ ಹೆಸರು ಆಗ ಕೇಳುಗರಿಗೆ ಬರೀ ಶಬ್ದ. ಗೆರೆಯಾದರೆ ಹಾಗಲ್ಲ. ಮೇಲಿನಿಂದ ಕೆಳಕ್ಕೆ ಬರುವ ದಾರಿ, ನಡುವೆ ಒಂದು ತಿರುವು, ಕೊನೆಗೆ ನೆಟ್ಟಗೆ ಇಳಿತ. ಇಷ್ಟಂತೂ ಯಾವ ಹೆಸರೂ ಗೊತ್ತಿಲ್ಲದೆ ಕಾಣುತ್ತದೆ. ಮೂರು ನಾಲ್ಕು ನಿಮಿಷ ಅದರ ಮೇಲೇ ನಿಂತು ಮಾತಾಡಿ ಮುಂದೆ ಹೋಗಬೇಕು.

ಆಮೇಲೆ ಗೆರೆ ಎರಡು ಗಾತ್ರದಲ್ಲಿ ಬರುತ್ತಿರುತ್ತದೆ. ಪ್ರತಿ ಹಂತದ ಶುರುವಿನಲ್ಲಿ ಪರದೆ ತುಂಬ. ಹಂತದ ಒಳಗಿನ ಸ್ಲೈಡುಗಳಲ್ಲಿ ಮೇಲಿನ ಬಲ ಮೂಲೆಯಲ್ಲಿ ಪುಟ್ಟದಾಗಿ, ಸ್ಲೈಡಿನ ಅಗಲದ ಎಂಟನೇ ಒಂದು ಭಾಗದಷ್ಟು. ಮುಗಿದ ತುಂಡು ತೆಳು ಬೂದು, ಈಗಿನದು ದಪ್ಪ, ಮುಂದಿನದು ಚುಕ್ಕಿ ಗೆರೆ. ಬಣ್ಣವೊಂದನ್ನೇ ನಂಬಬಾರದು. ಕೆಂಪು ಹಸಿರು ಬೇರೆಬೇರೆಯಾಗಿ ಕಾಣದವರು ಸಭೆಯಲ್ಲಿ ಇರಬಹುದು, ಮಂಕಾದ ಪ್ರೊಜೆಕ್ಟರಂತೂ ಇದ್ದೇ ಇರುತ್ತದೆ. ಗೆರೆಯ ಜಾಗ, ಆಕಾರ ಒಂದಿಷ್ಟೂ ಬದಲಾಗಬಾರದು, ಬದಲಾಗುವುದು ಯಾವ ತುಂಡು ದಪ್ಪ ಎಂಬುದು ಮಾತ್ರ. ಪವರ್‌ಪಾಯಿಂಟಿನಲ್ಲಿ Slide Master ತೆರೆದು ಒಂದೊಂದು ಹಂತಕ್ಕೆ ಒಂದೊಂದು ಲೇಔಟ್ ಮಾಡಿಟ್ಟರೆ ಇದು ಸಲೀಸು. ಪ್ರತಿ ಸ್ಲೈಡಿಗೂ ಕೈಯಿಂದ ಅಂಟಿಸುತ್ತಾ ಹೋದರೆ ಎಲ್ಲೋ ಒಂದು ಕಡೆ ಚಿತ್ರ ಚೂರು ಜರುಗಿರುತ್ತದೆ. ಸ್ಲೈಡ್ ಬದಲಾದಾಗ ಅದು ಹಾರಿದ ಹಾಗೆ ಕಂಡು, ನೋಡುವವರ ಕಣ್ಣು ಸುಮ್ನೆ ಅಲ್ಲಿಗೇ ಓಡುತ್ತದೆ.

ಇಷ್ಟೆಲ್ಲ ಮಾಡಿದ ಮೇಲೆ ಒಂದು ತೊಡಕು ಎದುರಾಗುತ್ತದೆ. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಕುತೂಹಲ ಹುಟ್ಟಿಸುವುದು ಇದೇ. ಆ ಇಳಿಯುವಿಕೆ ಒಟ್ಟು ಸುಮಾರು 19 ನಿಮಿಷದ್ದು. ಅದರಲ್ಲಿ ರಫ್ ಬ್ರೇಕಿಂಗಿಗೆ 690 ಸೆಕೆಂಡು, ಅಂದರೆ ಅರ್ಧಕ್ಕೂ ಜಾಸ್ತಿ. ಆಟಿಟ್ಯೂಡ್ ಹೋಲ್ಡಿಗೆ ಬರೀ 10 ಸೆಕೆಂಡು. ಆದರೆ ಭಾಷಣದಲ್ಲಿ ಹೇಳಲು ಸರಕು ಇರುವುದು ಈ 10 ಸೆಕೆಂಡಿನಲ್ಲೇ. 2019ರ ಸೋಲಿನ ಬೇರು ಇದೇ ಜಾಗದ ಸುತ್ತ ಇತ್ತು. 2023ರಲ್ಲಿ ಇಸ್ರೋದ ಅಧ್ಯಕ್ಷರಾಗಿದ್ದ ಸೋಮನಾಥ್ ಆ ವರ್ಷ ವಿವರಿಸಿದಂತೆ, ಚಂದ್ರಯಾನ-2ರ ಐದು ಎಂಜಿನ್ನುಗಳು ನಿರೀಕ್ಷೆಗಿಂತ ಜಾಸ್ತಿ ತಳ್ಳಿದವು. ಫೋಟೊ ತೆಗೆಯಲು ಲ್ಯಾಂಡರ್ ಅಲುಗಾಡದೆ ಇರಬೇಕಾದ ಹಂತದಲ್ಲಿ ಆ ತಪ್ಪುಗಳು ಸೇರಿಕೊಳ್ಳುತ್ತಾ ಹೋದವು. ಅವನ್ನು ಸರಿಪಡಿಸಲು ಆಮೇಲೆ ಬೇಗ ಬೇಗ ತಿರುಗಬೇಕಾಯಿತು, ಆದರೆ ತಿರುಗುವ ವೇಗಕ್ಕೆ ಮಿತಿ ಹಾಕಲಾಗಿತ್ತು. ಇದನ್ನು ಬಿಡಿಸಿ ಹೇಳಲು 16 ನಿಮಿಷವಾದರೂ ಬೇಕು. ರಫ್ ಬ್ರೇಕಿಂಗಿಗೆ 10 ಸಾಕು.

ಅಂದರೆ ಚಿತ್ರದಲ್ಲಿ ಕೂದಲೆಳೆಯಷ್ಟು ಇರುವ ತುಂಡಿನಲ್ಲಿ ಭಾಷಣ ತನ್ನ ಮೂರನೇ ಒಂದು ಭಾಗ ಕಳೆಯುತ್ತದೆ. ಗುರುತು ಅಲ್ಲೇ ನಿಂತುಬಿಡುತ್ತದೆ. ಕೇಳುಗರಿಗೆ ಅನ್ನಿಸುವುದೇನು? ಗಾಡಿ ಕೆಟ್ಟು ನಿಂತಿದೆ, ಇದೇ ಲೆಕ್ಕದಲ್ಲಿ ಹೋದರೆ ರಾತ್ರಿಯಾಗುತ್ತದೆ ಅಂತ. ಆನ್‌ಲೈನ್ ಸಮೀಕ್ಷೆಗಳಲ್ಲಿ ಫ್ರೆಡ್ ಕಾನ್ರಾಡ್ ಮತ್ತು ಸಂಗಡಿಗರು ಇದನ್ನು ಅಳೆದು ನೋಡಿದ್ದಾರೆ. 'ಎಷ್ಟು ಮುಗಿದಿದೆ' ಎಂದು ತೋರಿಸುವ ಪಟ್ಟಿ ಶುರುವಿನಲ್ಲಿ ನಿಧಾನಕ್ಕೆ ಸರಿದರೆ ಜಾಸ್ತಿ ಜನ ಅರ್ಧಕ್ಕೇ ಬಿಟ್ಟುಹೋದರು, ಬೇಗ ಸರಿದರೆ ಉಳಿದುಕೊಂಡರು. ಸಭೆಯಲ್ಲಿ ಎದ್ದು ಹೋಗುವುದು ಅಷ್ಟು ಸುಲಭವಲ್ಲ, ಅಲ್ವಾ? ಹಾಗಾಗಿ ಮೈ ಅಲ್ಲೇ ಕೂತಿರುತ್ತದೆ, ಮನಸ್ಸು ಎದ್ದು ಹೋಗುತ್ತದೆ.

ಇದಕ್ಕೆ ಗೆರೆಯ ಅಳತೆಯನ್ನೇ ಭಾಷಣದ ಸಮಯಕ್ಕೆ ತಕ್ಕಂತೆ ಎಳೆದಾಡುವುದು ಒಂದು ದಾರಿ. ನನಗೆ ಅದು ಒಪ್ಪಿಗೆಯಿಲ್ಲ. 10 ಸೆಕೆಂಡಿನ ಹಂತವನ್ನು ಉದ್ದವಾಗಿ ತೋರಿಸಿದರೆ ಅದು ಎಷ್ಟು ಗಡಿಬಿಡಿಯ ಹೊತ್ತು ಎಂಬ ಮುಖ್ಯ ಸಂಗತಿಯೇ ಕಳೆದುಹೋಗುತ್ತದೆ. ಅದಕ್ಕಿಂತ ಆ ತುಂಡಿನ ಸುತ್ತ ಒಂದು ವೃತ್ತ ಬರೆದು, ಪಕ್ಕದಲ್ಲಿ ಅದನ್ನೇ ದೊಡ್ಡದು ಮಾಡಿ ತೋರಿಸುವುದು ಒಳ್ಳೆಯದು. ದೊಡ್ಡದಾದ ಆ ತುಂಡಿನೊಳಗೆ ಮೂರು ಮೆಟ್ಟಿಲು ಮಾಡಿದರೆ ಗುರುತು ಐದೈದು ನಿಮಿಷಕ್ಕೊಮ್ಮೆ ಸರಿಯುತ್ತದೆ. ಜೊತೆಗೆ ಬಾಯಿಬಿಟ್ಟು ಹೇಳಿಬಿಡಬೇಕು: 'ಇದು ಹತ್ತೇ ಸೆಕೆಂಡಿನ ಕೆಲಸ, ಆದರೆ ನಾವು ಇವತ್ತು ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಲ್ಲುವುದು ಇಲ್ಲೇ.'

ಬಾಯಿಬಿಟ್ಟು ಹೇಳುವುದು ಬೇರೆ ಕಡೆಯೂ ಬೇಕು. ಮೂಲೆಯ ಚಿತ್ರ ಹತ್ತು ಸ್ಲೈಡ್ ಆಗುವಷ್ಟರಲ್ಲಿ ಕಾಲೇಜಿನ ಲೋಗೊ ಥರ ಆಗಿಬಿಡುತ್ತದೆ, ಯಾರೂ ನೋಡುವುದಿಲ್ಲ. ಅದಕ್ಕೇ ಹಂತ ಬದಲಾದಾಗ ದೊಡ್ಡ ಗೆರೆ ತಂದು, ಮುಗಿದದ್ದನ್ನೂ ಬರುವುದನ್ನೂ ಒಂದೇ ವಾಕ್ಯದಲ್ಲಿ ಹೆಣೆಯಬೇಕು: 'ಓಟ ತಗ್ಗಿದೆ, ಆದರೆ ಎಲ್ಲಿದ್ದೇನೆ ಅಂತ ಲ್ಯಾಂಡರಿಗೆ ಇನ್ನೂ ಸರಿಯಾಗಿ ಗೊತ್ತಿಲ್ಲ, ಈಗ ಅದನ್ನು ಕಂಡುಕೊಳ್ಳಬೇಕು.' 'ಈಗ ಎರಡನೇ ಹಂತ' ಎಂದರೆ ಅದು ಮತ್ತೆ 17/42 ಆಯಿತು.

ಹೊತ್ತು ಮೀರಿದಾಗ ಈ ಗೆರೆಯೇ ಕೈಕೊಡುತ್ತದೆ. ನಾಲ್ಕು ತುಂಡು ತೋರಿಸಿ ಆಗಿದೆ, ಒಂದನ್ನು ಹಾರಿಸಿದರೆ ಎಲ್ಲರಿಗೂ ಗೊತ್ತಾಗುತ್ತದೆ. ಪ್ರತಿ ಹಂತದೊಳಗೆ ಬಿಟ್ಟರೂ ನಡೆಯುವ ಒಂದೆರಡು ಸ್ಲೈಡುಗಳನ್ನು ಮೊದಲೇ ಗುರುತು ಮಾಡಿಟ್ಟುಕೊಂಡರೆ ಹಂತವನ್ನೇ ಕತ್ತರಿಸುವ ಪ್ರಮೇಯ ಬರುವುದಿಲ್ಲ. ಹದಿನೈದು ನಿಮಿಷದ ಮಾತಿಗಾದರೆ ಇದ್ಯಾವುದೂ ಬೇಡ, ಗೆರೆಯನ್ನು ಪರಿಚಯಿಸುವುದರಲ್ಲೇ ಕಾಲು ಭಾಗ ಹೋಗುತ್ತದೆ. ಕೊನೆಯ ತಿರುವನ್ನು ಗುಟ್ಟಾಗಿ ಇಡಬೇಕಾದ ಕಥೆಗೂ ಇದು ಹೊಂದುವುದಿಲ್ಲ.

ಕೆಲಸ ಮಾಡುತ್ತಿದೆಯೋ ಇಲ್ಲವೋ ನೋಡಲು ತಾಲೀಮಿನಲ್ಲಿ ಒಬ್ಬ ಸ್ನೇಹಿತರನ್ನು ಕೂರಿಸಿಕೊಳ್ಳಿ. ಎಲ್ಲೋ ಒಂದು ಸ್ಲೈಡಿನಲ್ಲಿ ತಟ್ಟನೆ ನಿಲ್ಲಿಸಿ, 'ಈಗ ಎಲ್ಲಿದ್ದೇವೆ, ಇದಕ್ಕೆ ಮುಂಚೆ ಏನಾಯಿತು, ಮುಂದೆ ಏನು?' ಅಂತ ಕೇಳಿ. ಅವರು ಮೂಲೆಯತ್ತ ಒಮ್ಮೆ ನೋಡಿ ತಡವರಿಸದೆ ಹೇಳಿದರೆ ಸರಿ. 'ಎರಡನೇ ಹಂತ' ಎಂದಷ್ಟೇ ಹೇಳಿ ಅದು ಯಾಕೆ ಬಂತೆಂದು ಹೇಳಲಾಗದಿದ್ದರೆ, ಗುರುತು ಸರಿಯಾಗಿದೆ, ಹಂತಗಳ ನಡುವಿನ ಮಾತು ಸಡಿಲವಾಗಿದೆ ಎಂದರ್ಥ. ಇನ್ನೊಮ್ಮೆ ಪರದೆ ನೋಡದೆ ಬರೀ ಕೇಳಲು ಹೇಳಿ. ಕಣ್ಣು ಕಾಣದವರಿಗೂ ಕಂಬದ ಹಿಂದೆ ಕೂತವರಿಗೂ ಆ ದಿನ ಸಿಗುವುದು ಅಷ್ಟೇ.

ಪ್ರಶ್ನೋತ್ತರದ ಹೊತ್ತಿಗೆ 'ಧನ್ಯವಾದಗಳು' ಎಂಬ ಸ್ಲೈಡಿನ ಬದಲು ನಾಲ್ಕೂ ತುಂಡುಗಳ ದೊಡ್ಡ ಗೆರೆಯನ್ನು ಪರದೆಯ ಮೇಲೆ ಬಿಟ್ಟಿರಿ. ಹಂತದ ಹೆಸರು ನೆನಪಿಲ್ಲದವರೂ ಆಗ 'ಆ ತಿರುವು ಇದೆಯಲ್ಲ, ಅದಕ್ಕಿಂತ ಸ್ವಲ್ಪ ಮೇಲೆ ಎಂಜಿನ್ ನಿಂತರೆ ಏನಾಗುತ್ತೆ ಸಾರ್?' ಎಂದು ಕೈ ತೋರಿಸಿ ಕೇಳಬಹುದು.