ಪುಸ್ತಕ ಪರಿಚಯದ ವಿಡಿಯೊ: ಹೆಸರು, ಪ್ರಕಾರ, ಗುಟ್ಟು

ಬೆಂಗಳೂರಿನಲ್ಲಿ ಕೂತು ಕನ್ನಡ ಪುಸ್ತಕಗಳ ಬಗ್ಗೆ ಯೂಟ್ಯೂಬ್ ವಿಡಿಯೊ ಮಾಡಲು ಕಲಿಯುತ್ತಿರುವವರಿಗಾಗಿ ಈ ಟಿಪ್ಪಣಿ. ವಿಡಿಯೊ ಒಳಗೆ ಏನು ಮಾತಾಡಬೇಕು ಅನ್ನೋದು ಇಲ್ಲಿಲ್ಲ. ಅದರ ಸುತ್ತ ನಾವು ಟೈಪ್ ಮಾಡುವ ಶೀರ್ಷಿಕೆ, ವಿವರಣೆ, ಟ್ಯಾಗ್, ಅಧ್ಯಾಯಗಳ ಹೆಸರು, ಅಂದರೆ ಮೆಟಾಡೇಟಾ, ಅದರ ಬಗ್ಗೆ ಮಾತ್ರ. ಉದಾಹರಣೆಗೆ ಒಂದೇ ಪುಸ್ತಕ ಇಟ್ಟುಕೊಳ್ಳೋಣ: ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’, 1980ರ ಕಾದಂಬರಿ. ಇದನ್ನೇ ಆರಿಸಲು ಕಾರಣವಿದೆ. ಲೇಖಕರ ಹೆಸರನ್ನು ಜನ ಹತ್ತು ಥರ ಬರೆಯುತ್ತಾರೆ, ಪ್ರಕಾರ ಹೇಳುವುದು ಸುಲಭವಲ್ಲ, ಕಥೆಯಲ್ಲಿ ಕಾಪಾಡಬೇಕಾದ ಗುಟ್ಟೂ ಇದೆ.

ಮೊದಲು ಹೆಸರು. ನಿಯಮ ಸರಳ: ಕೈಯಲ್ಲಿರುವ ಪ್ರತಿಯ ಮುಖಪುಟ ಮತ್ತು ಒಳಗಿನ ಶೀರ್ಷಿಕೆ ಪುಟ ನೋಡಿ, ಅಲ್ಲಿರುವ ಹಾಗೆಯೇ ಬರೆಯಿರಿ. ನೆನಪಿನಿಂದ ಬರೆಯಬೇಡಿ. ಬರೀ ‘ತೇಜಸ್ವಿ’ ಅಂತ ಬರೆದರೆ ಓದುವವರಿಗೆ ಅರ್ಥವಾಗುತ್ತದೆ, ಹುಡುಕುವ ಯಂತ್ರಕ್ಕೆ ಆಗುವುದಿಲ್ಲ. ಬೆಂಗಳೂರು ದಕ್ಷಿಣದ ಸಂಸದರ ಹೆಸರೂ ತೇಜಸ್ವಿ ಅಲ್ವಾ? ಹಾಗಾಗಿ ಶೀರ್ಷಿಕೆಯಲ್ಲಿ ‘ಪೂರ್ಣಚಂದ್ರ ತೇಜಸ್ವಿ’ ಪೂರ್ತಿ ಇರಲಿ. ಇನಿಷಿಯಲ್ ಹಾಕುವುದಾದರೆ ‘ಕೆ.ಪಿ.’ ಅಂತ ಒಂದೇ ರೀತಿ ಹಾಕಿ. ಒಂದು ವಿಡಿಯೊದಲ್ಲಿ ಚುಕ್ಕಿ, ಇನ್ನೊಂದರಲ್ಲಿ ಖಾಲಿ ಜಾಗ, ಹೀಗಾದರೆ ನಿಮ್ಮ ಚಾನೆಲ್‌ನಲ್ಲಿ ನೀವೇ ಹುಡುಕುವಾಗ ಪರದಾಡುತ್ತೀರಿ. ಹ್ಯಾಶ್‌ಟ್ಯಾಗ್‌ನಲ್ಲಂತೂ ಚುಕ್ಕಿ, ಖಾಲಿ ಜಾಗ ಎರಡೂ ಬೇಡ. ಚುಕ್ಕಿ ಬಂದ ಕಡೆ ಹ್ಯಾಶ್‌ಟ್ಯಾಗ್ ಕತ್ತರಿಸಿ ಹೋಗುತ್ತದೆ.

ಈ ಊರಿನಲ್ಲಿ ಕನ್ನಡ ಚೆನ್ನಾಗಿ ಓದುವವರೂ ಮೊಬೈಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹುಡುಕುವುದು ಜಾಸ್ತಿ. ಅಲ್ಲಿ `Poornachandra`, `Purnachandra`, `Tejaswi`, `Tejasvi`, ಪುಸ್ತಕಕ್ಕೆ `Karvalo`, `Carvalho`, ಎಲ್ಲವೂ ಓಡಾಡುತ್ತವೆ. ಇವುಗಳಲ್ಲಿ ಹೆಚ್ಚು ಬಳಕೆಯ ಒಂದನ್ನು ಆರಿಸಿ, ಶೀರ್ಷಿಕೆ ಮತ್ತು ವಿವರಣೆಯಲ್ಲಿ ಅದನ್ನೇ ಇಡಿ. ಉಳಿದವು ಟ್ಯಾಗ್‌ಗೆ ಹೋಗಲಿ. ಟ್ಯಾಗ್‌ನಿಂದ ವಿಡಿಯೊ ಮೇಲೇರುತ್ತದೆ ಅಂತ ನಂಬಬೇಡಿ. ಜನ ತಪ್ಪಾಗಿ ಟೈಪ್ ಮಾಡುವ ಹೆಸರುಗಳಿಗೆ ಟ್ಯಾಗ್ ಉಪಯೋಗ, ಬೇರೆ ಕಡೆ ಅದರ ಪಾತ್ರ ತೀರಾ ಕಡಿಮೆ ಅಂತ ಯೂಟ್ಯೂಬೇ ಹೇಳುತ್ತದೆ. ಎಲ್ಲ ಟ್ಯಾಗ್ ಸೇರಿ 500 ಅಕ್ಷರ ಮಿತಿ. ಇದೇ ಕಾಗುಣಿತಗಳ ಸಾಲನ್ನು ವಿವರಣೆಯಲ್ಲಿ ಸುರಿಯುವ ಅಭ್ಯಾಸ ಕೆಲವರಿಗಿದೆ. ಅದು ಸ್ಪ್ಯಾಮ್ ನಿಯಮಕ್ಕೆ ವಿರುದ್ಧ, ಮಾಡಬೇಡಿ.

ಇನ್ನೊಂದು ತೊಂದರೆ ಟೈಪಿಂಗ್‌ನದು. ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಫೈಲ್‌ನಿಂದ ಹೆಸರನ್ನು ಕಾಪಿ ಮಾಡಿ ಅಂಟಿಸಿದರೆ ‘ಕರ್ವಾಲೊ’ ಬದಲು `PÀªÁð¯ÉÆ` ಬರುತ್ತದೆ. ಇದು ತಕ್ಷಣ ಗೊತ್ತಾಗುತ್ತದೆ, ಯೂನಿಕೋಡ್‌ಗೆ ಬದಲಾಯಿಸಿದರೆ ಮುಗಿಯಿತು. ಗೊತ್ತಾಗದೇ ಉಳಿಯುವುದು ‘ರ್ವಾ’ದ ಅರ್ಕಾವತ್ತು. ಕೆಲವು ಕೀಬೋರ್ಡ್‌ಗಳು ಅಲ್ಲಿ ಕಾಣದ ಒಂದು ಜೋಡಕ ಚಿಹ್ನೆ ಸೇರಿಸುತ್ತವೆ. ಆಗ ಅರ್ಕಾವತ್ತು ಮಾಯವಾಗಿ, ‘ರ’ ಪೂರ್ತಿಯಾಗಿ ನಿಂತು ಅದರ ಕೆಳಗೆ ‘ವ’ ಒತ್ತು ಕಾಣುತ್ತದೆ. ಓದಲು ಒಂದೇ, ಆದರೆ ಒಳಗಿನ ಅಕ್ಷರಗಳ ಸಾಲು ಬೇರೆ. ಅನುಮಾನ ಬಂದರೆ ಹೆಸರನ್ನು ಅಳಿಸಿ, ಮೊಬೈಲ್ ಕೀಬೋರ್ಡ್‌ನಲ್ಲಿ ಹೊಸದಾಗಿ ಟೈಪ್ ಮಾಡಿ. ‘ಪೂರ್ಣ’ಕ್ಕೂ ಇದೇ ಪರೀಕ್ಷೆ.

ಪ್ರಕಾರದ ವಿಷಯದಲ್ಲಿ ನಾನು ಹೇಳುವುದು ಒಂದೇ ಕ್ರಮ: ಮೊದಲು ರೂಪ, ಆಮೇಲೆ ವಸ್ತು. ರೂಪ ಅಂದರೆ ಕಾದಂಬರಿಯೇ, ಕಥಾ ಸಂಕಲನವೇ, ನೀಳ್ಗತೆಯೇ, ಪ್ರಬಂಧವೇ. ಇದರಲ್ಲಿ ಅಭಿಪ್ರಾಯಕ್ಕೆ ಜಾಗ ಕಡಿಮೆ, ತಪ್ಪಾದರೆ ನೋಡುಗರು ಬೇರೆಯದನ್ನೇ ನಿರೀಕ್ಷಿಸಿ ಬರುತ್ತಾರೆ. ‘ಕರ್ವಾಲೊ’ ಕಾದಂಬರಿ. ವಸ್ತುವಿಗೆ ಬಂದರೆ ಎಡವಟ್ಟು ಶುರು. ವಿಜ್ಞಾನಿ ಇದ್ದಾರೆ ಅಂತ ‘ಸೈನ್ಸ್ ಫಿಕ್ಷನ್’ ಅನ್ನುವವರಿದ್ದಾರೆ. ಆದರೆ ಭವಿಷ್ಯದ ತಂತ್ರಜ್ಞಾನವಾಗಲಿ, ಊಹೆಯ ಲೋಕವಾಗಲಿ ಇದರಲ್ಲಿಲ್ಲ, ಇರುವುದು ಮಲೆನಾಡಿನ ಕೃಷಿ, ಕಾಡು, ಜನ. ಕುತೂಹಲ ಎಳೆದುಕೊಂಡು ಹೋಗುತ್ತದೆ ಅಂತ ‘ಪತ್ತೇದಾರಿ’ ಅನ್ನುವುದೂ ತಪ್ಪು, ಇಲ್ಲಿ ಅಪರಾಧ ಬಿಡಿಸುವುದು ಕಥೆಯ ಕೆಲಸವಲ್ಲ. ಕೃಷಿಕನಾದ ನಿರೂಪಕ ‘ನಾನು’ ಅಂತ ಮಾತಾಡುತ್ತಾನೆ, ಹಾಗಂತ ಆತ್ಮಕಥೆಯೂ ಅಲ್ಲ. ‘ಪರಿಸರ, ಮಲೆನಾಡು’ ಅಂದರೆ ಸಾಕು. ‘ನವ್ಯೋತ್ತರ’ದಂಥ ಪದ ಸಾಹಿತ್ಯದ ವಿದ್ಯಾರ್ಥಿಗಳು ಹುಡುಕುವಂಥದ್ದು. ಅದನ್ನು ವಿಡಿಯೊದಲ್ಲಿ ನಿಜವಾಗಿ ಚರ್ಚಿಸಿದ್ದರೆ ಮಾತ್ರ ವಿವರಣೆಯಲ್ಲಿ ಬರೆಯಿರಿ.

ವಿಡಿಯೊಗೂ ಒಂದು ಪ್ರಕಾರ ಇದೆ. ‘ಪುಸ್ತಕ ಪರಿಚಯ’ ಅಂದರೆ ಇನ್ನೂ ಓದದವರು ಧೈರ್ಯವಾಗಿ ಕ್ಲಿಕ್ ಮಾಡುತ್ತಾರೆ. ‘ವಿಮರ್ಶೆ’ ಅಂದರೆ ಕೊನೆಯವರೆಗೂ ಬಿಚ್ಚಿ ಮಾತಾಡಬಹುದು ಅಂತ ಅಂದುಕೊಳ್ಳುತ್ತಾರೆ. ನಿಮ್ಮದು ಯಾವುದೋ ಅದನ್ನೇ ಹಾಕಿ.

ಇನ್ನು ಗುಟ್ಟು. ಈ ಕಾದಂಬರಿಯಲ್ಲಿ ವಿಜ್ಞಾನಿ ಕರ್ವಾಲೊ ಯಾವುದರ ಬೆನ್ನು ಹತ್ತಿದ್ದಾರೆ ಅನ್ನೋದು ಓದುಗನಿಗೆ ಶುರುವಿನಲ್ಲೇ ತಿಳಿಯುವುದಿಲ್ಲ. ಅದನ್ನು ಇಲ್ಲೂ ನಾನು ಬರೆಯುವುದಿಲ್ಲ. ಆದರೆ ಎಷ್ಟೋ ವಿಡಿಯೊಗಳಲ್ಲಿ ಮಾತಿನಲ್ಲಿ ಕಾಪಾಡಿದ ಗುಟ್ಟು ಮೆಟಾಡೇಟಾದಲ್ಲಿ ಸೋರಿಹೋಗುತ್ತದೆ. ಹ್ಯಾಶ್‌ಟ್ಯಾಗ್‌ನಲ್ಲಿ ಅದರ ಹೆಸರು, ಥಂಬ್‌ನೇಲ್‌ನಲ್ಲಿ ಅದರ ಚಿತ್ರ, ಅಧ್ಯಾಯದ ಹೆಸರಿನಲ್ಲಿ ‘ಕೊನೆಗೆ ಅದು ಸಿಗುತ್ತಾ?’ ಅನ್ನುವ ಪ್ರಶ್ನೆ. ಪ್ರಶ್ನೆ ಹಾಕಿದರೆ ಗುಟ್ಟು ಉಳಿಯಿತು ಅಂತ ಅನಿಸಬಹುದು. ಉಳಿಯುವುದಿಲ್ಲ, ಕಥೆ ಹುಡುಕಾಟದ ಕಡೆಗೆ ಹೋಗುತ್ತದೆ ಅಂತ ಹೇಳಿಯೇಬಿಟ್ಟಿರಿ. ‘ಭಯಂಕರ ಟ್ವಿಸ್ಟ್’ ಅನ್ನುವುದೂ ಹಾಗೇ. ಅದನ್ನು ಓದಿದವನು ಮೊದಲ ಪುಟದಿಂದಲೇ ತಿರುವಿಗೆ ಕಾಯುತ್ತಾನೆ. ‘ಕೊನೆಯಲ್ಲಿ ಅಳು ಬಂತು’ ಅಂದರೆ ಅಂತ್ಯ ಹೇಗಿದೆ ಅಂತ ಅರ್ಧ ಹೇಳಿದ ಹಾಗೆ.

ಹಾಗಾದರೆ ಏನು ಬರೆಯುವುದು? ಊರು, ಜನ, ಶುರುವಿನ ಸ್ಥಿತಿ, ಓದಿನ ಅನುಭವ. ಮೂಡಿಗೆರೆ ಸುತ್ತಲಿನ ಬದುಕು, ಮಂದಣ್ಣ ಅನ್ನುವ ಹಳ್ಳಿ ಹುಡುಗ, ಅವನನ್ನು ಗಂಭೀರವಾಗಿ ತೆಗೆದುಕೊಳ್ಳುವ ವಿಜ್ಞಾನಿ. ಯಾಕೆ ಅನ್ನುವುದನ್ನು ಪುಸ್ತಕಕ್ಕೇ ಬಿಡಿ. ಪೂರ್ತಿ ಹೀಗೆ ಬರುತ್ತದೆ:

```
ಕರ್ವಾಲೊ | ಕೆ.ಪಿ. ಪೂರ್ಣಚಂದ್ರ ತೇಜಸ್ವಿ | ಪುಸ್ತಕ ಪರಿಚಯ | Karvalo Book Introduction

ಹಳ್ಳಿಯ ಮಂದಣ್ಣನಲ್ಲಿ ಒಬ್ಬ ವಿಜ್ಞಾನಿ ಕಂಡದ್ದೇನು?
ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980)
ಕಾದಂಬರಿಯ ಪರಿಚಯ. 9:40ರವರೆಗೆ ಸ್ಪಾಯ್ಲರ್ ಇಲ್ಲ.

0:00 ಪುಸ್ತಕ ಮತ್ತು ಲೇಖಕರು
1:50 ಮಲೆನಾಡಿನ ಹಿನ್ನೆಲೆ
4:15 ಪಾತ್ರಗಳು
7:05 ಭಾಷೆ, ಹಾಸ್ಯ
9:40 ಓದಿದವರಿಗೆ ಮಾತ್ರ

#ಕರ್ವಾಲೊ #ಪೂರ್ಣಚಂದ್ರತೇಜಸ್ವಿ #ಕನ್ನಡಕಾದಂಬರಿ
```

ಶೀರ್ಷಿಕೆಗೆ 100 ಅಕ್ಷರ ಮಿತಿ, ಇದು ಅದರೊಳಗೆ ಆರಾಮಾಗಿ ಕೂರುತ್ತದೆ. ಮೊಬೈಲ್‌ನಲ್ಲಿ ಉದ್ದದ ಶೀರ್ಷಿಕೆಯ ಬಾಲ ಕತ್ತರಿಸಿ ಹೋಗುವುದರಿಂದ ಪುಸ್ತಕ, ಲೇಖಕರು ಮುಂದೆ ಬಂದಿದ್ದಾರೆ. ಅಧ್ಯಾಯಗಳು ಕಾಣಿಸಬೇಕಾದರೆ ಮೊದಲ ಸಮಯ 0:00 ಇರಬೇಕು, ಕನಿಷ್ಠ ಮೂರು ಇರಬೇಕು, ಒಂದೊಂದೂ 10 ಸೆಕೆಂಡಿಗಿಂತ ಕಡಿಮೆ ಆಗಬಾರದು. ಕೊನೆಯ ಅಧ್ಯಾಯಕ್ಕೆ ‘ಅಂತ್ಯದ ಚರ್ಚೆ’ ಅಂತಲೂ ಹಾಕಬಹುದು. ಆದರೆ ‘ಅಂತ್ಯ ಯಾಕೆ ಹಾಗಾಯ್ತು’ ಅಂತ ಬೇಡ.

ಅಧ್ಯಾಯಗಳನ್ನು ನೀವೇ ಬರೆಯುವುದಕ್ಕೆ ಇನ್ನೊಂದು ಕಾರಣ ಇದೆ. ಖಾಲಿ ಬಿಟ್ಟರೆ ಯೂಟ್ಯೂಬ್ ತಾನೇ ಅಧ್ಯಾಯಗಳನ್ನು ಮಾಡುವ ಆಯ್ಕೆ ಇದೆ, ಅದಕ್ಕೆ ಯಾವುದು ಗುಟ್ಟು ಅಂತ ಗೊತ್ತಿಲ್ಲ. ಅಪ್‌ಲೋಡ್ ಮಾಡುವಾಗ ಆ ಆಯ್ಕೆಯನ್ನು ಆಫ್ ಮಾಡಿ. ಪ್ರಕಟಿಸುವ ಮುಂಚೆ ಈ ಪುಸ್ತಕ ಓದದ ಸ್ನೇಹಿತರೊಬ್ಬರಿಗೆ ಶೀರ್ಷಿಕೆ, ಥಂಬ್‌ನೇಲ್, ವಿವರಣೆ ಮಾತ್ರ ತೋರಿಸಿ, ಕಥೆ ಏನಿರಬಹುದು ಅಂತ ಊಹಿಸಲು ಹೇಳಿ. ಕರ್ವಾಲೊ ಹುಡುಕುತ್ತಿರುವುದು ಅವರ ಬಾಯಲ್ಲಿ ಬಂದರೆ, ಯಾವ ಪದದಿಂದ ಗೊತ್ತಾಯಿತು ಅಂತ ಕೇಳಿ, ಆ ಪದ ತೆಗೆಯಿರಿ.